ಕೊನೆಯ ಡೋಸಿನಿಂದ ಎಣಿಸಬೇಕಾದ ಏಳು ದಿನಗಳು: ಪಶುಪಾಲನಾ ಇಲಾಖೆಗೂ ಹಾಲು ಒಕ್ಕೂಟಗಳಿಗೂ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆಯುಕ್ತರು, ಪಶುಪಾಲನೆ ಮತ್ತು ಪಶುವೈದ್ಯಕೀಯ ಸೇವೆಗಳ ಇಲಾಖೆ, ಕರ್ನಾಟಕ ಸರ್ಕಾರ,
ಹಾಗೂ ರಾಜ್ಯದ ಎಲ್ಲ ಜಿಲ್ಲಾ ಹಾಲು ಒಕ್ಕೂಟಗಳ ಆಡಳಿತ ಮಂಡಳಿಯವರಿಗೆ.

ವಿಷಯ: ಆಂಟಿಬಯಾಟಿಕ್ ಚಿಕಿತ್ಸೆ ಪಡೆದ ಹಸು, ಎಮ್ಮೆಗಳ ಹಾಲು ಮತ್ತು ಮಾಂಸವನ್ನು ತಡೆಹಿಡಿಯುವ ಅವಧಿಯ ಪಾಲನೆ ಮತ್ತು ಆ ಅವಧಿಯಲ್ಲಿ ರೈತರಿಗಾಗುವ ನಷ್ಟದ ಭರ್ತಿ.

ಮಾನ್ಯರೇ,

ನಾನು ಹಳೆ ಮೈಸೂರು ಭಾಗದ ಹೋಬಳಿಯೊಂದರಲ್ಲಿ ಬಹಳ ವರ್ಷ ದುಡಿದು ನಿವೃತ್ತನಾದ ಪಶುವೈದ್ಯ. ಈ ಪತ್ರವನ್ನು ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ, ಏಕೆಂದರೆ ಆ ತಪ್ಪು ಇಂದಿಗೂ ದಿನವೂ ಎಷ್ಟೋ ಕೊಟ್ಟಿಗೆಗಳಲ್ಲಿ ನಡೆಯುತ್ತಿದೆ ಎಂಬುದನ್ನು ನಾನು ಬಲ್ಲೆ.

ಒಂದು ಮನೆಯಲ್ಲಿ ಎರಡನೇ ಸೂಲಿನ ಎಚ್‌ಎಫ್ ಮಿಶ್ರತಳಿ ಹಸುವಿಗೆ ಕೆಚ್ಚಲು ಬಾವು ಬಂದಿತ್ತು. ಹಿಂದಿನ ಎಡ ಮೊಲೆ ಕಲ್ಲಿನಂತೆ ಗಟ್ಟಿಯಾಗಿ, ಮುಟ್ಟಿದರೆ ಹಸು ಕಾಲೆತ್ತುತ್ತಿತ್ತು. ಕಪ್ಪು ತಟ್ಟೆಯ ಮೇಲೆ ನಾಲ್ಕು ಧಾರೆ ಹಿಂಡಿ ನೋಡಿದಾಗ ಹಾಲು ನೀರಾಗಿ, ನಡುವೆ ಬಿಳಿಯ ಗರಣೆಗಳು ತೇಲುತ್ತಿದ್ದವು. ಸಂಜೆಯ ಹಾಲು ಕರೆದ ಮೇಲೆ ಮೊಲೆಯನ್ನು ಬರಿದು ಮಾಡಿ, ತುದಿಯನ್ನು ಸ್ಪಿರಿಟ್‌ನಿಂದ ಒರೆಸಿ, ಪೆನಿಸಿಲಿನ್ ಇರುವ ಒಂದು ಟ್ಯೂಬನ್ನು ಮೊಲೆಯೊಳಗೆ ಏರಿಸಿದೆ. ಮುಂದಿನ ಎರಡು ಸಂಜೆಗೆ ಇನ್ನೆರಡು ಟ್ಯೂಬ್ ಕೊಟ್ಟು, ಹೇಗೆ ಹಾಕಬೇಕೆಂದು ಆ ಮನೆಯ ಯಜಮಾನಿಗೆ ತೋರಿಸಿ ಹೊರಟೆ. ಚೀಟಿಯಲ್ಲಿ ಔಷಧದ ಹೆಸರು ಬರೆದೆ. ಹಾಲನ್ನು ಯಾವ ದಿನದವರೆಗೆ ಡೇರಿಗೆ ಹಾಕಬಾರದು ಎಂಬುದನ್ನು ಮಾತ್ರ ಬರೆಯಲಿಲ್ಲ, ಬಾಯಲ್ಲಿಯೂ ಹೇಳಲಿಲ್ಲ. ಇನ್ನೂ ಮೂರು ಮನೆಗಳಿಗೆ ಹೋಗಬೇಕಿತ್ತು ಎಂಬುದು ಕಾರಣವಾಗಬಹುದೇ ಹೊರತು ಸಮರ್ಥನೆಯಾಗದು.

ಎರಡು ದಿನ ಕಳೆದು ಆ ತಾಯಿ ಸಿಕ್ಕಾಗ, ಹಸು ಹುಷಾರಾಗಿದೆ ಎಂದು ಹೇಳಿ, ಜೊತೆಗೆ ಇನ್ನೊಂದು ಮಾತು ಸೇರಿಸಿದರು: "ಡಾಕ್ಟ್ರೇ, ರಾತ್ರಿ ಹೆಪ್ಪಾಕಿದ ಹಾಲು ಬೆಳಿಗ್ಗೆಗೂ ಹಾಲಾಗೇ ಅದೆ, ಏನು ದೋಷವೋ ಕಾಣೆ." ದೋಷ ನನ್ನದಾಗಿತ್ತು. ಹಾಲನ್ನು ಮೊಸರಾಗಿಸುವ ಬ್ಯಾಕ್ಟೀರಿಯಾಗಳಿಗೂ ಕೆಚ್ಚಲು ಬಾವು ತರುವ ಹಲವು ಬ್ಯಾಕ್ಟೀರಿಯಾಗಳಿಗೂ ಪೆನಿಸಿಲಿನ್ ಒಂದೇ ರೀತಿಯ ವಿಷ. ಅವರ ಮನೆಯ ಗಡಿಗೆಯಲ್ಲಿ ಮೊಸರನ್ನು ತಡೆದ ಅದೇ ಹಾಲಿನ ಉಳಿದ ಭಾಗ ಆ ಎರಡೂ ದಿನ ಸಂಘದ ಕ್ಯಾನಿಗೆ, ಅಲ್ಲಿಂದ ಶೀತಲೀಕರಣ ಕೇಂದ್ರಕ್ಕೆ ಹೋಗಿತ್ತು. ಸಂಘದಲ್ಲಿ ಫ್ಯಾಟ್ ಮತ್ತು ಕೊಬ್ಬಲ್ಲದ ಘನಾಂಶವಾದ ಎಸ್‌ಎನ್‌ಎಫ್ ನೋಡಿದ್ದರು, ಎರಡೂ ಸರಿಯಾಗಿದ್ದವು. ಔಷಧವಿದೆಯೇ ಎಂದು ನೋಡುವ ಏರ್ಪಾಡು ಅಲ್ಲಿರಲಿಲ್ಲ.

ಆ ಒಂದು ಟ್ಯೂಬಿನ ಲೆಕ್ಕವನ್ನು ತಮ್ಮ ಮುಂದಿಡುತ್ತೇನೆ. ಅದರಲ್ಲಿ ಒಂದು ಲಕ್ಷ ಯೂನಿಟ್ ಪೆನಿಸಿಲಿನ್ ಇತ್ತೆಂದರೆ ತೂಕದಲ್ಲಿ ಸುಮಾರು 60 ಮಿಲಿಗ್ರಾಂ. ಅದರಲ್ಲಿ ಮೂರನೇ ಒಂದು ಭಾಗ ಮಾತ್ರ ಮರುದಿನ ಬೆಳಗಿನ ಕರೆತದಲ್ಲಿ ಹೊರಬಂತೆಂದು ಇಟ್ಟುಕೊಂಡರೆ 20 ಮಿಲಿಗ್ರಾಂ ಆಯಿತು. ಅಂತರರಾಷ್ಟ್ರೀಯ ಆಹಾರ ಮಾನದಂಡಗಳ ಸಂಸ್ಥೆಯಾದ ಕೋಡೆಕ್ಸ್ ನಿಗದಿ ಮಾಡಿರುವಂತೆ ಹಾಲಿನಲ್ಲಿ ಬೆಂಜೈಲ್ ಪೆನಿಸಿಲಿನ್ನಿನ ಗರಿಷ್ಠ ಮಿತಿ ಲೀಟರಿಗೆ 4 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಂನ ಇನ್ನೂರೈವತ್ತನೇ ಒಂದು ಭಾಗ. ಹಾಗಾದರೆ ಆ 20 ಮಿಲಿಗ್ರಾಂ ಮಿತಿಯ ಮಟ್ಟಕ್ಕೆ ಇಳಿಯಬೇಕಾದರೆ ಅದು 5,000 ಲೀಟರ್ ಹಾಲಿನಲ್ಲಿ ಕರಗಬೇಕು. ಒಂದು ಹಸುವಿನ, ಒಂದು ಮೊಲೆಗೆ ಹಾಕಿದ ಒಂದು ಟ್ಯೂಬು, ಒಂದು ಹೊತ್ತಿನ ಹಾಲಿನ ಮೂಲಕ, ಊರೂರುಗಳ ಹಾಲು ಸೇರುವ ಬಿಎಂಸಿ ಎಂಬ ಒಂದು ದೊಡ್ಡ ಶೀತಲೀಕರಣ ತೊಟ್ಟಿಯನ್ನೇ ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲದು. "ಇಷ್ಟು ಹಾಲಲ್ಲಿ ಅಷ್ಟು ಔಷಧ ಎಲ್ಲಿ ಲೆಕ್ಕಕ್ಕೆ ಬರುತ್ತದೆ" ಎಂಬ ಮಾತನ್ನು ನಾನು ಸಂಘಗಳ ಸಭೆಗಳಲ್ಲಿ ಹಲವು ಬಾರಿ ಕೇಳಿದ್ದೇನೆ. ಅದಕ್ಕೆ ಉತ್ತರ ಈ ಲೆಕ್ಕದಲ್ಲಿದೆ.

ಔಷಧದ ಪೊಟ್ಟಣದ ಮೇಲೆ ಬರೆದಿರುವ ವಿತ್‌ಡ್ರಾವಲ್ ಅವಧಿಯನ್ನು ನಾನಿಲ್ಲಿ ತಡೆ ಅವಧಿ ಎಂದು ಕರೆಯುತ್ತೇನೆ. ಕೊನೆಯ ಡೋಸ್ ಕೊಟ್ಟ ಗಳಿಗೆಯಿಂದ ಹಿಡಿದು, ಹಾಲಿನಲ್ಲಿ ಅಥವಾ ಮಾಂಸದಲ್ಲಿ ಔಷಧದ ಶೇಷವು ನಿಗದಿತ ಮಿತಿಗಿಂತ ಕೆಳಗೆ ಇಳಿಯುವವರೆಗಿನ ಕಾಲವೇ ಅದು. ಈ ಕಾಲವನ್ನು ಔಷಧ ತಯಾರಕರು ನಿಗದಿತ ಪ್ರಮಾಣದಲ್ಲಿ, ನಿಗದಿತ ಮಾರ್ಗದಲ್ಲಿ ಪ್ರಾಣಿಗಳಿಗೆ ಔಷಧ ಕೊಟ್ಟು, ಹೊತ್ತು ಹೊತ್ತಿನ ಮಾದರಿ ಪರೀಕ್ಷಿಸಿ ಕಂಡುಕೊಳ್ಳುತ್ತಾರೆ. ನಮ್ಮ ದೇಶದ ಔಷಧ ನಿಯಮಗಳಿಗೆ 2012ರ ಜನವರಿಯಲ್ಲಿ ತಂದ ತಿದ್ದುಪಡಿಯ ಪ್ರಕಾರ, ಆಹಾರ ಕೊಡುವ ಪ್ರಾಣಿಗಳ ಚಿಕಿತ್ಸೆಗೆ ಬಳಸುವ ಔಷಧದ ಲೇಬಲ್ಲಿನ ಮೇಲೆ ಆಯಾ ಪ್ರಾಣಿಗೆ ಅನ್ವಯಿಸುವ ತಡೆ ಅವಧಿಯನ್ನು ಮುದ್ರಿಸಲೇಬೇಕು. ಹಾಗೆ ಪರೀಕ್ಷಿಸಿ ಸ್ಥಿರಪಡಿಸಿದ ಅವಧಿ ಇಲ್ಲದಿದ್ದರೆ, ಹಾಲಿಗೆ ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಕೊಬ್ಬು ಮತ್ತು ಒಳ ಅಂಗಗಳೂ ಸೇರಿದಂತೆ ಮಾಂಸಕ್ಕೆ ಕನಿಷ್ಠ 28 ದಿನ ಎಂದು ಹಿಡಿಯಬೇಕು. ನಿಯಮ ಸ್ಪಷ್ಟವಾಗಿದೆ. ಆದರೆ ಅದು ಲೇಬಲ್ಲಿಗೆ ಬಂದು ಅಲ್ಲಿಯೇ ನಿಂತಿದೆ. ಖಾಲಿ ಟ್ಯೂಬು ಕೊಟ್ಟಿಗೆಯ ಮೂಲೆಗೆ ಬೀಳುತ್ತದೆ, ಪೊಟ್ಟಣ ನಮ್ಮ ಬ್ಯಾಗಿನಲ್ಲಿ ವಾಪಸ್ ಬರುತ್ತದೆ, ಸಣ್ಣ ಇಂಗ್ಲಿಷ್ ಅಕ್ಷರಗಳ ಆ ಸಾಲನ್ನು ಹಾಲು ಕರೆಯುವವರು ಯಾರೂ ಓದುವುದಿಲ್ಲ.

ಅವಧಿಯನ್ನು ಹೇಳಿದಾಗಲೂ ಎಣಿಕೆಯಲ್ಲಿ ತಪ್ಪಾಗುತ್ತದೆ. ಸೋಮವಾರ, ಮಂಗಳವಾರ, ಬುಧವಾರ ಸಂಜೆ ಹಾಲು ಕರೆದ ಮೇಲೆ ಒಂದೊಂದು ಟ್ಯೂಬ್ ಹಾಕಲಾಯಿತು, ಲೇಬಲ್ಲಿನಲ್ಲಿ 7 ದಿನ ಎಂದಿದೆ ಎಂದುಕೊಳ್ಳೋಣ. ಬಹಳ ಜನ ಸೋಮವಾರದಿಂದ ಸೋಮವಾರಕ್ಕೆ ಏಳು ದಿನ ಎಂದು ಲೆಕ್ಕ ಹಾಕಿ ಮಂಗಳವಾರ ಬೆಳಿಗ್ಗೆಯೇ ಹಾಲು ತರುತ್ತಾರೆ. ಎಣಿಕೆ ಆರಂಭವಾಗಬೇಕಾದದ್ದು ಬುಧವಾರ ಸಂಜೆಯಿಂದ. ಆದ್ದರಿಂದ ಮುಂದಿನ ಬುಧವಾರ ಸಂಜೆಯ ಹಾಲನ್ನೂ ಬಿಟ್ಟು, ಗುರುವಾರ ಬೆಳಗಿನ ಹಾಲನ್ನು ಮೊದಲ ಶುದ್ಧ ಹಾಲೆಂದು ಡೇರಿಗೆ ತರಬೇಕು. ಚಿಕಿತ್ಸೆಯ ದಿನಗಳೂ ಸೇರಿ ಒಟ್ಟು 18 ಹೊತ್ತಿನ ಹಾಲು ನಿಲ್ಲಬೇಕಾಗುತ್ತದೆ. ಬಾವು ಮೂರನೇ ದಿನಕ್ಕೇ ಇಳಿದು, ಹಾಲು ನೋಡಲು ಬಿಳಿಯಾಗಿ ಚೆನ್ನಾಗಿ ಕಂಡರೂ ಈ ಎಣಿಕೆ ಬದಲಾಗದು. ಬಾವು ಇಳಿದದ್ದು ಔಷಧ ಇಳಿದದ್ದರ ಗುರುತಲ್ಲ. ಅದೇ ರೀತಿ, ಔಷಧ ಹಾಕಿದ್ದು ಒಂದೇ ಮೊಲೆಗೆ, ಉಳಿದ ಮೂರರ ಹಾಲು ಹಾಕಬಹುದಲ್ಲವೇ ಎಂದು ಕೇಳುವವರೂ ಇದ್ದಾರೆ. ಹಾಕಬಾರದು. ಒಂದು ಮೊಲೆಗೆ ಹಾಕಿದ ಔಷಧದ ಒಂದಂಶ ರಕ್ತಕ್ಕೆ ಸೇರಿ, ರಕ್ತದಿಂದ ಉಳಿದ ಮೂರಕ್ಕೂ ಇಳಿಯುತ್ತದೆ, ಮತ್ತು ಮಿತಿ 4 ಮೈಕ್ರೋಗ್ರಾಂ ಆಗಿರುವಾಗ ಆ ಒಂದಂಶವೇ ಸಾಕು.

ಇನ್ನೊಂದು ವಿಷಯವನ್ನು ವೃತ್ತಿಬಾಂಧವರಿಗೂ ಹೇಳಬೇಕು. ಲೇಬಲ್ಲಿನ ಅವಧಿ ಲೇಬಲ್ಲಿನಂತೆ ಔಷಧ ಬಳಸಿದಾಗ ಮಾತ್ರ ನಿಜ. ಪ್ರಮಾಣವನ್ನು ಇಮ್ಮಡಿ ಮಾಡಿದರೆ, ಸ್ನಾಯುವಿಗೆ ಕೊಡಬೇಕಾದ್ದನ್ನು ಮೊಲೆಯೊಳಗೆ ಹಾಕಿದರೆ, ಎರಡು ಆಂಟಿಬಯಾಟಿಕ್‌ಗಳನ್ನು ಬೆರೆಸಿದರೆ, ಮನುಷ್ಯರ ಔಷಧದಂಗಡಿಯಿಂದ ತಂದ ವಯಲ್ ಬಳಸಿದರೆ ಆ ಅವಧಿ ಲೆಕ್ಕಕ್ಕೆ ಬಾರದು. ತೀವ್ರ ಜ್ವರದಲ್ಲಿ ಮೇವು ಬಿಟ್ಟು, ನೀರು ಬಿಟ್ಟು ಮಲಗಿದ ಹಸುವಿನ ಮೂತ್ರಪಿಂಡ ಔಷಧವನ್ನು ಆರೋಗ್ಯವಂತ ಹಸುವಿನಷ್ಟು ಬೇಗ ಹೊರಹಾಕದು. ಅಂಥಲ್ಲಿ ಅವಧಿಯನ್ನು ಹೆಚ್ಚಿಸುವ ಹೊಣೆ ವೈದ್ಯನದೇ. ಇನ್ನು ಹಾಲು ಬತ್ತಿಸುವಾಗ ಮೊಲೆಗೆ ಹಾಕುವ ದೀರ್ಘಾವಧಿಯ ಟ್ಯೂಬುಗಳಂತೂ ವಾರಗಟ್ಟಲೆ ನಿಲ್ಲುವಂತೆಯೇ ತಯಾರಾದವು. ಗಬ್ಬದ ಲೆಕ್ಕ ತಪ್ಪಿ ಹಸು ಮೂರು ನಾಲ್ಕು ವಾರ ಮೊದಲೇ ಕರು ಹಾಕಿದರೆ, ಗಿಣ್ಣು ಹಾಲಿನ ನಂತರದ ಹಾಲಿನಲ್ಲಿಯೂ ಔಷಧ ಉಳಿದಿರಬಹುದು. ಕೃತಕ ಗರ್ಭಧಾರಣೆಯ ದಿನಾಂಕ ಬರೆದಿಡುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಹಾಲನ್ನು ಕುದಿಸಿದರೆ ಸಾಲದೇ? ಸಾಲದು. ಕುದಿತ ರೋಗಾಣುಗಳನ್ನು ಕೊಲ್ಲುತ್ತದೆ, ಪೆನಿಸಿಲಿನ್ನಿನಂಥ ಔಷಧವನ್ನು ನಂಬಬಹುದಾದಷ್ಟು ನಾಶ ಮಾಡದು. 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸುವ ಪಾಶ್ಚರೀಕರಣದಿಂದಲೂ ಅದು ಆಗದು. ಮನೆಯಲ್ಲಿ ಹೆಪ್ಪು ಹಾಕಿ ನೋಡುವ ಪರೀಕ್ಷೆಯೂ ಅರ್ಧ ಮಾತ್ರ ನಿಜ. ಮೊಸರಾಗದಿದ್ದರೆ ಔಷಧವನ್ನು ಶಂಕಿಸಬೇಕು, ಸರಿ. ಆದರೆ ಮೊಸರಾಯಿತೆಂದು ಹಾಲು ಶುದ್ಧವೆನ್ನಲಾಗದು. ಮೊಸರನ್ನು ತಡೆಯಲು ಬೇಕಾದ ಪೆನಿಸಿಲಿನ್ನಿಗಿಂತ ಕಡಿಮೆ ಪ್ರಮಾಣವೂ ಕಾನೂನಿನ ಮಿತಿಯನ್ನು ಮೀರಿರಬಹುದು, ಮತ್ತು ಬೇರೆ ಕೆಲವು ಔಷಧಗಳಿಗೆ ಮೊಸರಿನ ಬ್ಯಾಕ್ಟೀರಿಯಾಗಳು ಅಷ್ಟು ಸುಲಭವಾಗಿ ಬಗ್ಗುವುದಿಲ್ಲ.

ಇದರಿಂದ ಕುಡಿಯುವವರಿಗೆ ಏನಾಗುತ್ತದೆ ಎಂಬುದನ್ನು ಅತಿಮಾಡದೆ ಹೇಳಬೇಕು. ಒಂದು ಲೋಟ ಹಾಲಿನಿಂದ ಯಾರೂ ಹಾಸಿಗೆ ಹಿಡಿಯುವುದಿಲ್ಲ. ಪೆನಿಸಿಲಿನ್ ಅಲರ್ಜಿ ಇರುವವರಲ್ಲಿ ಮಾತ್ರ ಅತ್ಯಲ್ಪ ಪ್ರಮಾಣವೂ ತುರಿಕೆ, ಗಂಧೆ ಎಬ್ಬಿಸಬಹುದು. ದೊಡ್ಡ ಚಿಂತೆ ಬೇರೆಯದು. ದಿನವೂ ಸಣ್ಣ ಪ್ರಮಾಣದಲ್ಲಿ ಆಂಟಿಬಯಾಟಿಕ್ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳಲ್ಲಿ ಸಾಯುವವು ಸಾಯುತ್ತವೆ, ಔಷಧಕ್ಕೆ ಬಗ್ಗದವು ಉಳಿದು ಹೆಚ್ಚುತ್ತವೆ. ಇದನ್ನು ಅತ್ಯಂತ ಹತ್ತಿರದಿಂದ ನೋಡಬಹುದಾದದ್ದು ಕರುಗಳಲ್ಲಿ. ಡೇರಿಗೆ ಹಾಕಲಾಗದ ಹಾಲನ್ನು ಚೆಲ್ಲಲು ಮನಸ್ಸು ಬಾರದೆ ಕರುವಿಗೆ ಕುಡಿಸುವುದು ನಮ್ಮಲ್ಲಿ ಸಾಮಾನ್ಯ. ಹಾಗೆ ಬೆಳೆದ ಕರುವಿನ ಸಗಣಿಯಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚಾಗುತ್ತವೆ, ಸಗಣಿ ತಿಪ್ಪೆಗೆ, ತಿಪ್ಪೆ ಹೊಲಕ್ಕೆ ಹೋಗುತ್ತದೆ, ಮುಂದೆ ಅದೇ ಕರುವಿಗೆ ಭೇದಿ ಹತ್ತಿದಾಗ ನಾವು ಕೊಡುವ ಇಂಜೆಕ್ಷನ್ ಕೆಲಸ ಮಾಡದೆ ಹೋಗಬಹುದು. ಆದ್ದರಿಂದ ತಡೆಹಿಡಿದ ಹಾಲು ಕರುವಿಗೂ ಅಲ್ಲ, ನಾಯಿಗೂ ಅಲ್ಲ.

ಇಲ್ಲಿ ಒಂದು ಅಡ್ಡದಾರಿಯ ಬಗ್ಗೆಯೂ ಎಚ್ಚರಿಸಬೇಕು. ಸೆಫ್ಟಿಯೋಫರ್ ಎಂಬ ಔಷಧದ ಕೆಲವು ಚುಚ್ಚುಮದ್ದುಗಳಿಗೆ ಅಮೆರಿಕದ ಲೇಬಲ್ಲಿನಲ್ಲಿ ಹಾಲಿನ ತಡೆ ಅವಧಿ ಶೂನ್ಯ, ಏಕೆಂದರೆ ಅದರ ಶೇಷ ಹಾಲಿನಲ್ಲಿ ಮಿತಿಯೊಳಗೇ ಇರುತ್ತದೆ. ಹಾಲು ನಿಲ್ಲಿಸಬೇಕಾಗಿಲ್ಲವೆಂಬ ಒಂದೇ ಕಾರಣಕ್ಕೆ ಎಲ್ಲದಕ್ಕೂ ಅದನ್ನೇ ಎತ್ತಿಕೊಳ್ಳುವ ಆಸೆ ಸಹಜ. ಆದರೆ ಅದು ಮೂರನೇ ತಲೆಮಾರಿನ ಸೆಫಲೋಸ್ಪೋರಿನ್. ಮನುಷ್ಯರ ಗಂಭೀರ ಸೋಂಕುಗಳಿಗೆ ಬಳಸುವ ಈ ಗುಂಪನ್ನು ವಿಶ್ವ ಆರೋಗ್ಯ ಸಂಸ್ಥೆ ಅತಿ ಎಚ್ಚರದಿಂದ ಕಾಪಾಡಬೇಕಾದ ಔಷಧಗಳ ಸಾಲಿನಲ್ಲಿ ಇಟ್ಟಿದೆ. ಹಾಲಿನ ಶೇಷದ ತೊಂದರೆ ತಪ್ಪಿಸಿಕೊಳ್ಳಲು ಅದಕ್ಕಿಂತ ದೊಡ್ಡ ತೊಂದರೆಯನ್ನು ಕೊಟ್ಟಿಗೆಗೆ ತರುವುದು ನನಗೆ ಒಪ್ಪಿತವಲ್ಲ.

ಮಾಂಸದ ವಿಷಯ ನಮ್ಮ ರಾಜ್ಯದಲ್ಲಿ ಸ್ವಲ್ಪ ಬೇರೆ. 2020ರ ಕಾನೂನಿನ ಪ್ರಕಾರ ಹಸು, ಎತ್ತು, ಕರುಗಳ ವಧೆ ನಿಷಿದ್ಧ, 13 ವರ್ಷ ಮೀರಿದ ಎಮ್ಮೆ, ಕೋಣಗಳಿಗೆ ಮಾತ್ರ ವಿನಾಯಿತಿ. ಆದ್ದರಿಂದ ಹೈನು ಪ್ರಾಣಿಗಳ ಪೈಕಿ ನಮ್ಮ ಮುಂದಿರುವ ಪ್ರಶ್ನೆ ಮುಖ್ಯವಾಗಿ ಮುದಿ ಎಮ್ಮೆಯದು. ಕಾಯಿಲೆ ಬಿದ್ದ ಎಮ್ಮೆಗೆ ನಾಲ್ಕು ದಿನ ಇಂಜೆಕ್ಷನ್ ಕೊಟ್ಟು, ಗುಣವಾಗದೆಂದು ಕಂಡಾಗ ಐದನೇ ದಿನ ವ್ಯಾಪಾರಿಗೆ ಕೊಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. 28 ದಿನದ ನಿಯಮ ಮುರಿಯುವುದು ಹೆಚ್ಚಾಗಿ ಇಂಥಲ್ಲಿಯೇ, ಏಕೆಂದರೆ ಚಿಕಿತ್ಸೆ ಮತ್ತು ಮಾರಾಟ ಎರಡಕ್ಕೂ ಕಾರಣ ಒಂದೇ ಕಾಯಿಲೆ. ಔಷಧ ಹೆಚ್ಚು ಉಳಿಯುವುದು ಸೂಜಿ ಚುಚ್ಚಿದ ಜಾಗದ ಮಾಂಸದಲ್ಲಿ ಮತ್ತು ಮೂತ್ರಪಿಂಡದಲ್ಲಿ. ಜೆಂಟಾಮೈಸಿನ್‌ನಂಥ ಔಷಧ ಮೂತ್ರಪಿಂಡದ ಜೀವಕೋಶಗಳಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಉಳಿಯಬಲ್ಲದು. ವಧೆಗೆ ಮುನ್ನ ನಡೆಯುವ ತಪಾಸಣೆಯಲ್ಲಿ ಕೊನೆಯ ಚಿಕಿತ್ಸೆ ಯಾವ ದಿನ, ಯಾವ ಔಷಧ ಎಂದು ಕೇಳಿ ಬರೆಯುವ ಒಂದು ಅಂಕಣ ಕಡ್ಡಾಯವಾಗಿ ಇರಬೇಕೆಂದು ಕೋರುತ್ತೇನೆ.

ಮತ್ತೆ ಹಾಲಿಗೆ ಬರುತ್ತೇನೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ ನಡೆಸಿದ ಸಮೀಕ್ಷೆಯಲ್ಲಿ 6,432 ಹಾಲಿನ ಮಾದರಿಗಳ ಪೈಕಿ 77ರಲ್ಲಿ ಆಂಟಿಬಯಾಟಿಕ್ ಶೇಷ ಮಿತಿಯನ್ನು ಮೀರಿತ್ತು, ಅಂದರೆ ಶೇಕಡಾ 1.2. ಗಾಬರಿ ಹುಟ್ಟಿಸುವ ಸಂಖ್ಯೆಯಲ್ಲ. ಆದರೆ ಹಲವರ ಹಾಲು ಬೆರೆತ ಮೇಲೆ ತೆಗೆದ ಮಾದರಿಯೊಂದು ಮಿತಿಯೊಳಗೆ ಬಂದರೆ, ಅದರಲ್ಲಿ ಸೇರಿದ ಒಂದೊಂದು ಕ್ಯಾನೂ ಶುದ್ಧವಾಗಿತ್ತು ಎಂದರ್ಥವಲ್ಲ, ತೆಳುವಾಗಿ ಹೋಯಿತು ಎಂದಷ್ಟೇ ಅರ್ಥವಾಗಬಹುದು. ಮಿತಿ ಮೀರಿ ಬಂದರೆ, ಅದು ಯಾರ ಕೊಟ್ಟಿಗೆಯಿಂದ ಬಂತೆಂದು ಹಿಂದಕ್ಕೆ ಹೋಗಿ ಹುಡುಕುವ ದಾರಿಯೂ ಮುಚ್ಚಿರುತ್ತದೆ.

ಪರೀಕ್ಷೆ ಕಷ್ಟದ್ದೇನೂ ಅಲ್ಲ. ಹಾಲಿನಲ್ಲಿ ಅದ್ದಿ ಕೆಲವು ನಿಮಿಷದಲ್ಲಿ ಗೆರೆ ನೋಡುವ ಪಟ್ಟಿಗಳಿವೆ; ಅವು ತಾವು ಯಾವ ಗುಂಪಿನ ಔಷಧಕ್ಕೆ ತಯಾರಾಗಿವೆಯೋ ಅದನ್ನು ಮಾತ್ರ ತೋರಿಸುತ್ತವೆ. ಇನ್ನೊಂದು ಬಗೆಯಲ್ಲಿ, ಬ್ಯಾಕ್ಟೀರಿಯಾದ ಬೀಜಕಗಳಿರುವ ನೇರಳೆ ಬಣ್ಣದ ಪುಟ್ಟ ಸೀಸೆಗೆ ಹಾಲಿನ ಹನಿ ಹಾಕಿ 64 ಡಿಗ್ರಿಯಲ್ಲಿ ಮೂರು ಗಂಟೆ ಇಡುತ್ತಾರೆ. ಬ್ಯಾಕ್ಟೀರಿಯಾ ಬೆಳೆದರೆ ಆಮ್ಲ ಉಂಟಾಗಿ ಬಣ್ಣ ಹಳದಿಗೆ ತಿರುಗುತ್ತದೆ, ಹಾಲಿನಲ್ಲಿ ಔಷಧವಿದ್ದರೆ ನೇರಳೆಯಾಗಿಯೇ ಉಳಿಯುತ್ತದೆ. ಕೆಚ್ಚಲು ಬಾವಿನ ಹಾಲಿನಲ್ಲಿ ಸಹಜವಾಗಿಯೇ ಹೆಚ್ಚಿರುವ ಕೆಲವು ರಕ್ಷಕ ಪ್ರೋಟೀನುಗಳು ಔಷಧವಿಲ್ಲದಿದ್ದರೂ ಬಣ್ಣವನ್ನು ತಡೆಯಬಹುದು. ಆದ್ದರಿಂದ ಒಂದೇ ಪರೀಕ್ಷೆಯ ಮೇಲೆ ಯಾವ ರೈತರನ್ನೂ ತಪ್ಪಿತಸ್ಥರೆನ್ನಬಾರದು.

ನನ್ನ ಮುಖ್ಯ ಕೋರಿಕೆ ಪರೀಕ್ಷೆಗಿಂತ ಹಿಂದಿನದು. ಮೇಲೆ ಹೇಳಿದ 18 ಹೊತ್ತಿಗೆ, ಹೊತ್ತಿಗೆ 7 ಲೀಟರಿನಂತೆ 126 ಲೀಟರ್ ಹಾಲು ನಿಲ್ಲುತ್ತದೆ. ದರ ಮತ್ತು ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನ ಸೇರಿ ಲೀಟರಿಗೆ 40 ರೂಪಾಯಿ ಎಂದು ಹಿಡಿದರೆ 5,040 ರೂಪಾಯಿ. ಒಂದೆರಡು ಹಸು ಇಟ್ಟುಕೊಂಡು, ಬಟವಾಡೆಯ ದಿನವನ್ನೇ ನೋಡಿಕೊಂಡು ಹಿಂಡಿಯ ಸಾಲ, ಮಕ್ಕಳ ಶುಲ್ಕ ತೂಗಿಸುವ ಮನೆಗೆ ಇದು ಎಷ್ಟು ದೊಡ್ಡ ಮೊತ್ತವೆಂದು ತಮಗೆ ಹೇಳಬೇಕಾಗಿಲ್ಲ. ಔಷಧದ ಖರ್ಚು, ಇಳಿದ ಹಾಲು, ಅದರ ಮೇಲೆ ಇದು. ಹಾಲನ್ನು ತಡೆಯಿರಿ ಎಂದು ಆ ಮನೆಗೆ ಹೇಳುವಾಗ ನಾವು ಇಡೀ ಊರಿನ, ಪಟ್ಟಣದ ಆರೋಗ್ಯದ ಬೆಲೆಯನ್ನು ಅವರೊಬ್ಬರ ಕೈಯಿಂದ ಕಟ್ಟಿಸುತ್ತಿದ್ದೇವೆ. ಹೀಗಿರುವಾಗ ದಂಡ ಹಾಕಿದರೆ ಚಿಕಿತ್ಸೆಯನ್ನೇ ಮುಚ್ಚಿಡುತ್ತಾರೆ, ವೈದ್ಯರನ್ನು ಕರೆಯದೆ ಅಂಗಡಿಯಿಂದ ವಯಲ್ ತಂದು ತಾವೇ ಚುಚ್ಚುತ್ತಾರೆ, ಆಗ ತಡೆ ಅವಧಿ ಹೇಳುವವರೂ ಇಲ್ಲವಾಗುತ್ತಾರೆ.

ಆದ್ದರಿಂದ, ಮಾನ್ಯರೇ, ಇಲಾಖೆಯ ವೈದ್ಯರು, ಒಕ್ಕೂಟದ ತುರ್ತು ಸೇವೆಯ ವೈದ್ಯರು ಆಂಟಿಬಯಾಟಿಕ್ ಕೊಟ್ಟ ಪ್ರತಿ ಬಾರಿ ಎರಡು ಪ್ರತಿಯಲ್ಲಿ ಒಂದು ಕೆಂಪು ಚೀಟಿ ಬರೆಯುವಂತೆ ಆದೇಶಿಸಬೇಕು. ಅದರಲ್ಲಿ ಹಸುವಿನ ಕಿವಿ ಓಲೆಯ ಸಂಖ್ಯೆ, ಔಷಧ, ಕೊನೆಯ ಡೋಸಿನ ದಿನ ಮತ್ತು ಹೊತ್ತು ಇರಬೇಕು. ಇಷ್ಟು ದಿನ ಎಂದು ಬರೆದು ಎಣಿಕೆಯನ್ನು ರೈತರಿಗೆ ಬಿಡದೆ, "ಗುರುವಾರ ಬೆಳಗಿನ ಹಾಲಿನಿಂದ ಡೇರಿಗೆ ಹಾಕಬಹುದು" ಎಂದು ತಾರೀಖಿನ ಸಮೇತ ಕನ್ನಡದಲ್ಲಿ ಬರೆಯಬೇಕು. ಒಂದು ಪ್ರತಿ ಕೊಟ್ಟಿಗೆಯಲ್ಲಿ ಹಸು ಕಟ್ಟುವ ಗೂಟದ ಮೇಲಿನ ಗೋಡೆಗೆ ಅಂಟಿರಲಿ, ಏಕೆಂದರೆ ಬೆಳಿಗ್ಗೆ ಹಾಲು ಕರೆಯುವವರು ಸಂಜೆ ವೈದ್ಯರೊಡನೆ ಮಾತಾಡಿದವರೇ ಆಗಿರಬೇಕೆಂದಿಲ್ಲ. ಇನ್ನೊಂದು ಪ್ರತಿ ಸಂಘದ ಕಾರ್ಯದರ್ಶಿಯ ಕೈ ಸೇರಲಿ. ಆ ಮನೆಯ ಹಿಂದಿನ ಹತ್ತು ದಿನದ ಸರಾಸರಿ ಹಾಲಿನ ಲೆಕ್ಕ ಸಂಘದ ಯಂತ್ರದಲ್ಲಿಯೇ ಇರುತ್ತದೆ. ಅದರ ಆಧಾರದ ಮೇಲೆ ತಡೆಹಿಡಿದ ಹಾಲಿನ ಬೆಲೆಯ ಮುಕ್ಕಾಲು ಭಾಗವನ್ನಾದರೂ ಅದೇ ಬಟವಾಡೆಯಲ್ಲಿ ಕೊಡಬೇಕು. ಪೂರ್ತಿ ಕೊಡಿ ಎಂದು ಕೇಳದಿರುವುದಕ್ಕೆ ಕಾರಣವಿದೆ: ಕೆಚ್ಚಲು ಬಾವು ಬಾರದಂತೆ ನೋಡಿಕೊಳ್ಳುವ, ಹಾಲು ಕರೆದ ಮೇಲೆ ಮೊಲೆಯನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವ ಶ್ರಮಕ್ಕೂ ಒಂದು ಬೆಲೆ ಉಳಿಯಬೇಕು. ಹಣಕ್ಕೆ ಒಕ್ಕೂಟ ಮತ್ತು ಸರ್ಕಾರ ಸೇರಿ ಒಂದು ನಿಧಿ ಮಾಡಲಿ, ಕೆಂಪು ಚೀಟಿ ಇದ್ದ ದಿನಗಳಿಗೆ ಪ್ರೋತ್ಸಾಹಧನವೂ ಮುಂದುವರಿಯಲಿ.

ಮೊದಲಿಗೆ ಒಂದೇ ತಾಲ್ಲೂಕಿನ ಒಂದು ಶೀತಲೀಕರಣ ಕೇಂದ್ರ ಮತ್ತು ಅದಕ್ಕೆ ಹಾಲು ಹಾಕುವ ಸಂಘಗಳಲ್ಲಿ ಇದನ್ನು ಆರು ತಿಂಗಳು ಮಾಡಿ ನೋಡಿ. ಪ್ರತಿ ಹೊತ್ತಿನ ತೊಟ್ಟಿಯ ಹಾಲಿಗೆ ಒಂದು ಪಟ್ಟಿ ಪರೀಕ್ಷೆ ಇರಲಿ, ಪ್ರತಿ ಸಂಘದ ಮಾದರಿಯನ್ನು ಆ ಫಲಿತಾಂಶ ಬರುವವರೆಗೆ ತಣ್ಣಗೆ ಇಟ್ಟಿರಲಿ. ಎಷ್ಟು ಚೀಟಿ ಬಂತು, ಎಷ್ಟು ಹಣ ಹೋಯಿತು, ಎಷ್ಟು ಬಾರಿ ಪಟ್ಟಿ ಪರೀಕ್ಷೆಯಲ್ಲಿ ಔಷಧ ಕಂಡುಬಂತು ಎಂಬ ಮೂರು ಅಂಕಿಗಳನ್ನು ಪ್ರತಿ ತಿಂಗಳು ಆ ಸಂಘಗಳ ಸೂಚನಾ ಫಲಕದಲ್ಲಿ ಹಾಕಿಸಿ. ಚೀಟಿಯ ನಮೂನೆಯೊಂದನ್ನು ನಾನು ಬರೆದು ಸಿದ್ಧಪಡಿಸಿದ್ದೇನೆ. ತಾವು ಕರೆದ ದಿನ ತಂದು ಒಪ್ಪಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪಶುವೈದ್ಯ